ಬಾಟಲಿಯಲ್ಲಿ ನಲವತ್ತು, ಸಿರಿಂಜಿನಲ್ಲಿ ನೂರು

ಇನ್ಸುಲಿನ್ ಅಳೆಯುವುದು ಯೂನಿಟ್ ಎಂಬ ಮಾನದಲ್ಲಿ. ಯೂನಿಟ್ ಎಂದರೆ ಔಷಧದ ಶಕ್ತಿ, ದ್ರವದ ಗಾತ್ರವಲ್ಲ. ಒಂದು ಮಿಲಿಲೀಟರ್ ದ್ರವದಲ್ಲಿ ಎಷ್ಟು ಯೂನಿಟ್ ಇರಬೇಕು ಎಂಬುದನ್ನು ತಯಾರಕರು ನಿರ್ಧರಿಸುತ್ತಾರೆ, ಅದು ಎಲ್ಲ ಬಾಟಲಿಗಳಲ್ಲಿ ಒಂದೇ ಆಗಿರುವುದಿಲ್ಲ. ಭಾರತದ ಔಷಧ ಅಂಗಡಿಗಳಲ್ಲಿ ಸಿಗುವ 10 ಮಿ.ಲೀ. ಬಾಟಲಿಗಳಲ್ಲಿ ಹೆಚ್ಚಿನವು ಪ್ರತಿ ಮಿ.ಲೀ.ಗೆ 40 ಯೂನಿಟ್ ಇರುವಂಥವು. ಇವುಗಳಿಗೆ ಯು-40 ಎಂದು ಹೆಸರು. ಪೆನ್ನಿಗೆ ಹಾಕುವ 3 ಮಿ.ಲೀ. ಕಾರ್ಟ್ರಿಜ್‌ಗಳಲ್ಲಿ ಮತ್ತು ಹೊಸ ಪೀಳಿಗೆಯ ಕೆಲವು ಇನ್ಸುಲಿನ್‌ಗಳ ಬಾಟಲಿಗಳಲ್ಲಿ ಪ್ರತಿ ಮಿ.ಲೀ.ಗೆ 100 ಯೂನಿಟ್ ಇರುತ್ತದೆ. ಅವು ಯು-100. ಸಿರಿಂಜ್‌ಗಳೂ ಹಾಗೆಯೇ ಎರಡು ಬಗೆ. ಯು-40 ಸಿರಿಂಜಿನ 1 ಮಿ.ಲೀ. ಉದ್ದವನ್ನು 40 ಯೂನಿಟ್‌ಗೆ ಗೆರೆ ಎಳೆದು ಭಾಗ ಮಾಡಿರುತ್ತಾರೆ, ಯು-100 ಸಿರಿಂಜಿನಲ್ಲಿ ಅಷ್ಟೇ ಉದ್ದವನ್ನು 100 ಯೂನಿಟ್‌ಗೆ. ಬಾಟಲಿ ಒಂದು ಬಗೆಯದು, ಸಿರಿಂಜ್ ಇನ್ನೊಂದು ಬಗೆಯದು ಆದಾಗ ಡೋಸು ಎರಡೂವರೆ ಪಟ್ಟು ಹೆಚ್ಚುತ್ತದೆ ಅಥವಾ ಎರಡೂವರೆ ಪಟ್ಟು ಕುಗ್ಗುತ್ತದೆ. ಸಿರಿಂಜಿನ ಮೇಲಿನ ಅಂಕಿ ಮಾತ್ರ ವೈದ್ಯರು ಹೇಳಿದ ಅಂಕಿಯೇ ಆಗಿರುವುದರಿಂದ ಚುಚ್ಚಿಕೊಳ್ಳುವವರಿಗೆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಗಡಿ ಭಾಗದಲ್ಲಿ ಈ ಹೊಂದಾಣಿಕೆ ತಪ್ಪಲು ಕಾರಣಗಳು ಹೆಚ್ಚು. ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯಂಥ ದೂಧಗಂಗಾ ತೀರದ ಊರುಗಳವರು ಚಿಕಿತ್ಸೆಗೆ ಒಂದೇ ದಿಕ್ಕಿಗೆ ಹೋಗುವವರಲ್ಲ. ಚಿಕ್ಕೋಡಿ, ನಿಪ್ಪಾಣಿ, ಬೆಳಗಾವಿಯ ಆಸ್ಪತ್ರೆಗಳಂತೆಯೇ ಗಡಿಯಾಚೆಯ ಮಿರಜ್, ಸಾಂಗ್ಲಿ, ಕೊಲ್ಹಾಪುರವೂ ಅವರ ಪಾಲಿಗೆ ಹತ್ತಿರದ ಊರುಗಳೇ. ಚೀಟಿ ಬರೆಯುವವರು ಒಂದು ರಾಜ್ಯದ ವೈದ್ಯರು, ಬಾಟಲಿ ಕೊಡುವುದು ಇನ್ನೊಂದು ರಾಜ್ಯದ ಅಂಗಡಿ ಅಥವಾ ಸರ್ಕಾರಿ ಆಸ್ಪತ್ರೆ, ಸಿರಿಂಜ್ ಕೊಳ್ಳುವುದು ಬೇರೆ ದಿನ, ಬೇರೆ ಕಡೆ. ಚೀಟಿಯಲ್ಲಿ ಮರಾಠಿಯಲ್ಲೋ ಕನ್ನಡದಲ್ಲೋ ಹೇಳಿದ್ದು ಮನೆಗೆ ಬರುವಷ್ಟರಲ್ಲಿ ‘ಮುಂಜಾನಿ ಇಪ್ಪತ್ತು, ಸಂಜೀಕ ಹತ್ತು’ ಎಂದಷ್ಟೇ ಉಳಿದಿರುತ್ತದೆ. ಆ ಇಪ್ಪತ್ತು ಯಾವ ಸಿರಿಂಜಿನ ಇಪ್ಪತ್ತು ಎಂಬುದು ಮಾತಿನಲ್ಲಿ ಉಳಿಯುವುದಿಲ್ಲ.

ಎರಡು ಶಕ್ತಿಗಳು ಏಕೆ ಉಳಿದವು ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. 1922ರಲ್ಲಿ ಟೊರಾಂಟೊದಲ್ಲಿ ರೋಗಿಗಳಿಗೆ ಮೊದಲು ಇನ್ಸುಲಿನ್ ಕೊಟ್ಟಾಗ ಅದು ತೀರ ತೆಳುವಾದ, ಅಶುದ್ಧವಾದ ದ್ರಾವಣವಾಗಿತ್ತು. ಶುದ್ಧೀಕರಣ ಸುಧಾರಿಸಿದಂತೆ 20, 40, 80 ಯೂನಿಟ್‌ಗಳ ಬಾಟಲಿಗಳು ಬಂದವು. ಬ್ರಿಟನ್ನಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಿರಿಂಜಿನಲ್ಲಿ ಒಂದು ಮಿ.ಲೀ.ಗೆ 20 ಗೆರೆ ಇರುತ್ತಿತ್ತು. 40ರ ಬಾಟಲಿಯಾದರೆ ಒಂದು ಗೆರೆಗೆ ಎರಡು ಯೂನಿಟ್, 80ರದ್ದಾದರೆ ನಾಲ್ಕು. ವೈದ್ಯರು ಯೂನಿಟ್ ಹೇಳಿದ್ದನ್ನು ರೋಗಿಗಳು ಗೆರೆ ಎಂದು, ಗೆರೆ ಹೇಳಿದ್ದನ್ನು ಯೂನಿಟ್ ಎಂದು ತಿಳಿದು ಅಪಾಯಕ್ಕೆ ಸಿಲುಕುತ್ತಿದ್ದರು. ಈ ಗೊಂದಲ ಮುಗಿಸಲೆಂದೇ ಅಮೆರಿಕ 1970ರ ದಶಕದಲ್ಲಿ ಯು-100ರತ್ತ ಹೊರಳಿತು, ಬ್ರಿಟನ್ 1983ರಲ್ಲಿ ದೇಶಕ್ಕೆಲ್ಲ ಯು-100 ಒಂದನ್ನೇ ತಂದಿತು. ಭಾರತದಲ್ಲಿ ಬಾಟಲಿ ಇನ್ಸುಲಿನ್ ಯು-40 ಆಗಿಯೇ ಉಳಿಯಿತು. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾಮೂಲಿ ಇನ್ಸುಲಿನ್‌ಗಳೂ 40ರ ಶಕ್ತಿಯವೇ. ಆಮೇಲೆ ಬಂದ ಪೆನ್‌ಗಳು ಯು-100. ಹೀಗೆ ಎರಡೂ ಒಂದೇ ಅಂಗಡಿಯ ಫ್ರಿಜ್‌ನಲ್ಲಿ, ಎಷ್ಟೋ ಸಲ ಒಂದೇ ಮನೆಯ ಫ್ರಿಜ್‌ನಲ್ಲಿ ಅಕ್ಕಪಕ್ಕ ಇರುತ್ತವೆ.

ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಬೇಕಾದ ಡೋಸು 20 ಯೂನಿಟ್ ಎಂದುಕೊಳ್ಳೋಣ. ಯು-40 ಬಾಟಲಿಯಲ್ಲಿ 20 ಯೂನಿಟ್ ಎಂದರೆ ಅರ್ಧ ಮಿ.ಲೀ. ದ್ರವ. ಯು-40 ಸಿರಿಂಜಿನಲ್ಲಿ 20ರ ಗೆರೆ ಇರುವುದು ಸರಿಯಾಗಿ ಆ ಅರ್ಧ ಮಿ.ಲೀ.ನಲ್ಲೇ. ಯು-100 ಸಿರಿಂಜಿನಲ್ಲಿ 20ರ ಗೆರೆ ಇರುವುದು 0.2 ಮಿ.ಲೀ.ನಲ್ಲಿ. ಯು-40 ಬಾಟಲಿಯಿಂದ ಅಷ್ಟು ಎಳೆದರೆ ಒಳಬರುವುದು 8 ಯೂನಿಟ್ ಮಾತ್ರ. ಇನ್ನು ತಿರುವುಮುರುವಾಗಿ, ಬಾಟಲಿ ಯು-100 ಆಗಿದ್ದು ಸಿರಿಂಜ್ ಯು-40 ಆಗಿದ್ದರೆ, 20ರ ಗೆರೆಗೆ ಎಳೆದ ಅರ್ಧ ಮಿ.ಲೀ.ನಲ್ಲಿ 50 ಯೂನಿಟ್ ಇರುತ್ತದೆ. ಮೊದಲ ತಪ್ಪಿನಲ್ಲಿ ಸಕ್ಕರೆ ಮೆಲ್ಲಗೆ ಏರುತ್ತದೆ. ಎರಡನೆಯ ತಪ್ಪು ಕೆಲವು ಗಂಟೆಗಳಲ್ಲೇ ಪ್ರಾಣಕ್ಕೆ ಕುತ್ತು ತರಬಲ್ಲದು.

ಎರಡನೆಯ ತಪ್ಪು ಜೋರಾಗಿ ಗೊತ್ತಾಗುತ್ತದೆ, ಆದ್ದರಿಂದ ಅದರ ಬಗ್ಗೆ ಎಚ್ಚರಿಕೆ ಹೇಳುವವರಿದ್ದಾರೆ. ಮೊದಲನೆಯದು ಸದ್ದಿಲ್ಲದ್ದು, ಹಾಗಾಗಿ ಅದನ್ನು ಅಲ್ಪವೆಂದು ತಳ್ಳಿಹಾಕುವುದೇ ಹೆಚ್ಚು. ನಿಜವಾಗಿ ನೋಡಿದರೆ ಅದೂ ಕೊನೆಗೆ ಎರಡನೆಯದರ ಜಾಗಕ್ಕೇ ಬಂದು ನಿಲ್ಲಬಲ್ಲದು. ಅದು ಹೇಗೆಂದು ಕಾಣಲು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಇಲ್ಲಿರುವ ವ್ಯಕ್ತಿ ಕಲ್ಪಿತ, ಅಂಕಿಗಳ ನಡೆ ಮಾತ್ರ ನಿಜ.

ದೂಧಗಂಗಾ ದಂಡೆಯ ಕಬ್ಬು ಬೆಳೆಗಾರರೊಬ್ಬರಿಗೆ ವೈದ್ಯರು 30/70 ಮಿಶ್ರ ಇನ್ಸುಲಿನ್ ಬರೆದಿದ್ದಾರೆ. ಬೆಳಿಗ್ಗೆ 20, ರಾತ್ರಿ ಊಟಕ್ಕೆ ಮುಂಚೆ 10. ಬಾಟಲಿ ಯು-40. ಒಂದು ದಿನ ಅಂಗಡಿಯಲ್ಲಿ ಕೆಂಪು ಮುಚ್ಚಳದ ಯು-40 ಸಿರಿಂಜ್ ಮುಗಿದಿದೆ. ಕಿತ್ತಳೆ ಮುಚ್ಚಳದ ಯು-100 ಸಿರಿಂಜ್ ಕೊಡುತ್ತಾರೆ, ‘ಎರಡೂ ಒಂದss’ ಎನ್ನುತ್ತಾರೆ. ಅಂದಿನಿಂದ ಬೆಳಿಗ್ಗೆ ದೇಹಕ್ಕೆ ಹೋಗುವುದು 8, ರಾತ್ರಿ 4. ಮುಂದಿನ ತಪಾಸಣೆಯಲ್ಲಿ ಸಕ್ಕರೆ ಏರಿರುತ್ತದೆ. ರೋಗಿ ತಪ್ಪದೆ ಚುಚ್ಚಿಕೊಳ್ಳುತ್ತಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ವೈದ್ಯರು ಡೋಸನ್ನು 30 ಮತ್ತು 16ಕ್ಕೆ ಏರಿಸುತ್ತಾರೆ. ದೇಹಕ್ಕೆ ಸಿಗುವುದು 12 ಮತ್ತು ಆರಕ್ಕೆ ತುಸು ಹೆಚ್ಚು. ಸಾಲುವುದಿಲ್ಲ. ಮತ್ತೆ ಏರಿಸಿ, ಮತ್ತೆ ಏರಿಸಿ, 50 ಮತ್ತು 25ಕ್ಕೆ ಬಂದಾಗ ಸಕ್ಕರೆ ಹಿಡಿತಕ್ಕೆ ಬರುತ್ತದೆ. ಬರಲೇಬೇಕು, ಏಕೆಂದರೆ ಆ ಸಿರಿಂಜಿನಲ್ಲಿ 50ರ ಗೆರೆ ಎಂದರೆ 20 ಯೂನಿಟ್, 25ರ ಗೆರೆ ಎಂದರೆ 10. ಮೊದಲ ದಿನ ಬರೆದ ಡೋಸೇ ಅದು. ಈಗ ಕಾಗದದ ಮೇಲೆ 75 ಯೂನಿಟ್ ಇದೆ, ದೇಹಕ್ಕೆ 30 ಸಿಗುತ್ತಿದೆ, ಎಲ್ಲರಿಗೂ ಸಮಾಧಾನವಾಗಿದೆ.

ಆಮೇಲೆ ಕಾಲಿನ ಗಾಯಕ್ಕೆಂದು ಅವರು ಆಸ್ಪತ್ರೆ ಸೇರುತ್ತಾರೆ. ದಾದಿ ಚೀಟಿ ನೋಡಿ, ಅಲ್ಲಿರುವ ಯು-100 ಪೆನ್ನಿನಲ್ಲಿ 50 ತಿರುಗಿಸಿ ಚುಚ್ಚುತ್ತಾರೆ. ಪೆನ್ ಸರಿಯಾಗಿಯೇ ಅಳೆಯುತ್ತದೆ, 50 ಎಂದರೆ ಐವತ್ತೇ ಯೂನಿಟ್. ಅಥವಾ ಅಂಗಡಿಗೆ ಕೆಂಪು ಮುಚ್ಚಳದ ಸಿರಿಂಜ್ ಮರಳಿ ಬರುತ್ತದೆ, ಮಗ ಅದನ್ನೇ ತರುತ್ತಾನೆ, ಬಾಟಲಿ ಮತ್ತು ಸಿರಿಂಜ್ ಈಗ ಹೊಂದಿಕೊಂಡಿವೆ, ಆದರೆ ಚೀಟಿಯಲ್ಲಿ ಇನ್ನೂ 50 ಇದೆ. ಯಾರೂ ತಪ್ಪು ಮಾಡದ ಆ ದಿನವೇ ರೋಗಿಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಹಾಗಾಗಿ ಹೊಂದದ ಸಿರಿಂಜ್ ಬಳಕೆಯಲ್ಲಿತ್ತು ಎಂದು ತಿಳಿದ ಕೂಡಲೇ ಸರಿಯಾದ ಸಿರಿಂಜ್ ತಂದು ಅದೇ ಅಂಕಿಗೆ ಎಳೆಯುವುದು ಪರಿಹಾರವಲ್ಲ, ಅದೇ ಹೊಸ ಅಪಾಯ. ಇಷ್ಟು ದಿನ ನಿಜವಾಗಿ ಒಳಹೋದ ಯೂನಿಟ್ ಎಷ್ಟು ಎಂದು ಮೊದಲು ಲೆಕ್ಕ ಹಾಕಬೇಕು. ಮುಂದಿನ ಡೋಸನ್ನು ವೈದ್ಯರು ಆ ನಿಜವಾದ ಅಂಕಿಯ ಮೇಲೆ ನಿರ್ಧರಿಸಬೇಕು, ಹಳೆಯ ಚೀಟಿಯ ಮೇಲಲ್ಲ.

ಈ ಸದ್ದಿಲ್ಲದ ತಪ್ಪನ್ನು ಮನೆಯಲ್ಲೇ ಹಿಡಿಯಲು ಒಂದು ಒಳ್ಳೆಯ ದಾರಿಯಿದೆ, ಅದು ಬಾಟಲಿ ಎಷ್ಟು ದಿನ ಬರುತ್ತದೆ ಎಂದು ನೋಡುವುದು. ಯು-40ರ 10 ಮಿ.ಲೀ. ಬಾಟಲಿಯಲ್ಲಿ ಒಟ್ಟು 400 ಯೂನಿಟ್ ಇರುತ್ತದೆ. ದಿನಕ್ಕೆ 30 ಯೂನಿಟ್ ಚುಚ್ಚಿಕೊಂಡರೆ ಅದು ಸುಮಾರು 13 ದಿನಕ್ಕೆ ಮುಗಿಯಬೇಕು. ಗಾಳಿಗುಳ್ಳೆ ಹೊರಹಾಕುವಾಗ ಚೆಲ್ಲುವುದನ್ನು ಸೇರಿಸಿದರೆ ಒಂದೆರಡು ದಿನ ಮೊದಲೇ ಮುಗಿದೀತು. ಮೇಲಿನ ಪ್ರಸಂಗದಲ್ಲಿ ಸಿರಿಂಜ್ ಬದಲಾದ ಮೇಲೆ ಅದೇ ಬಾಟಲಿ ಒಂದು ತಿಂಗಳು ದಾಟಿ ಬರುತ್ತಿತ್ತು. ಡೋಸು 75ಕ್ಕೆ ಏರಿದಾಗ ಲೆಕ್ಕದ ಪ್ರಕಾರ ಐದೇ ದಿನಕ್ಕೆ ಖಾಲಿಯಾಗಬೇಕಿದ್ದ ಬಾಟಲಿ ಹದಿಮೂರು ದಿನ ಬರುತ್ತಿತ್ತು. ಚೀಟಿಯ ಲೆಕ್ಕಕ್ಕಿಂತ ಬಾಟಲಿ ಎರಡೂವರೆ ಪಟ್ಟು ದಿನ ಬಾಳಿದರೆ ಸಿರಿಂಜನ್ನೇ ಮೊದಲು ನೋಡಬೇಕು. ಬಾಟಲಿ ತೆರೆದ ದಿನಾಂಕವನ್ನು ಲೇಬಲ್ ಮೇಲೆ ಬರೆದಿಟ್ಟರೆ ಈ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರಗಳ ಆಚೆ ಬಳಸಬಾರದಾದ್ದರಿಂದ ದಿನಾಂಕ ಹೇಗೂ ಬೇಕಾದದ್ದೇ. ಸಕ್ಕರೆ ಏರಿದೆ ಎಂದು ರೋಗಿ ಬಂದಾಗ ಡೋಸು ಹೆಚ್ಚಿಸುವ ಮೊದಲು ‘ಬಾಟಲಿ ಎಷ್ಟು ದಿನ ಬರುತ್ತದೆ’ ಎಂದು ವೈದ್ಯರು ಕೇಳಿದರೆ ಪ್ರಸಂಗ ಮೊದಲ ಹಂತದಲ್ಲೇ ನಿಲ್ಲುತ್ತದೆ.

ತಪ್ಪನ್ನು ತಡೆಯುವ ಕೆಲಸ ಮಾತ್ರ ಅದಕ್ಕೂ ಮೊದಲಿನದು, ಓದುವ ಕೆಲಸ. ಬಾಟಲಿಯ ಲೇಬಲ್ ಮೇಲೆ ಹಲವು ಅಂಕಿಗಳಿರುತ್ತವೆ, ಅವುಗಳಲ್ಲಿ ಶಕ್ತಿ ಹೇಳುವುದು ಒಂದೇ. 30/70 ಎಂಬುದು ಬೇಗ ಕೆಲಸ ಮಾಡುವ ಮತ್ತು ನಿಧಾನ ಕೆಲಸ ಮಾಡುವ ಇನ್ಸುಲಿನ್‌ಗಳ ಪಾಲು. ಅದಕ್ಕೂ ಸಿರಿಂಜಿಗೂ ಸಂಬಂಧವಿಲ್ಲ. 10 ಎಂಬುದು ಬಾಟಲಿಯಲ್ಲಿರುವ ದ್ರವದ ಗಾತ್ರ. ಹುಡುಕಬೇಕಾದದ್ದು ‘ಐಯು ಪರ್ ಎಂಎಲ್’ ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ 40 ಇದೆಯೋ 100 ಇದೆಯೋ ಎಂಬುದನ್ನು. ಬಾಟಲಿಯ ಮುಚ್ಚಳದ ಅಥವಾ ಲೇಬಲ್ಲಿನ ಬಣ್ಣವನ್ನು ನಂಬುವಂತಿಲ್ಲ. ಹಳದಿ, ಹಸಿರು, ಕಂದು ಬಣ್ಣಗಳು ಇನ್ಸುಲಿನ್ ಯಾವ ಬಗೆಯದು ಎಂದು ತಿಳಿಸುತ್ತವೆ, ಎಷ್ಟು ಶಕ್ತಿಯದು ಎಂದಲ್ಲ. ಕಂದು ಗುರುತಿನ ಮಿಶ್ರ ಇನ್ಸುಲಿನ್ ಬಾಟಲಿಯಲ್ಲಿ 40ರದ್ದೂ ಇರುತ್ತದೆ, ಕಾರ್ಟ್ರಿಜ್‌ನಲ್ಲಿ 100ರದ್ದೂ ಇರುತ್ತದೆ.

ಸಿರಿಂಜಿನ ಬಣ್ಣ ಬೇರೆ ಅರ್ಥದ್ದು. ಯು-40ಕ್ಕೆ ಕೆಂಪು, ಯು-100ಕ್ಕೆ ಕಿತ್ತಳೆ ಎಂಬುದು ಅಂತರರಾಷ್ಟ್ರೀಯ ಮಾನದಂಡದ ಕ್ರಮ, ಭಾರತದಲ್ಲೂ ಸಾಮಾನ್ಯವಾಗಿ ಅದೇ ನಡೆಯುತ್ತದೆ. ಸಂಜೆಯ ಬೆಳಕಿನಲ್ಲಿ, ಪೊರೆ ಬಂದ ಕಣ್ಣಿಗೆ ಕೆಂಪು ಮತ್ತು ಕಿತ್ತಳೆ ಒಂದೇ ಆಗಿ ಕಾಣುವುದು ಸಹಜ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಒಂದೇ ಸಿರಿಂಜನ್ನು ಹಲವು ಸಲ ಬಳಸುವ ರೂಢಿ ಅನೇಕ ಮನೆಗಳಲ್ಲಿದೆ. ಅದು ಒಳ್ಳೆಯದಲ್ಲ, ಆದರೂ ಇದೆ. ಗಂಡನಿಗೆ ಒಂದು ಬಗೆಯದು, ಹೆಂಡತಿಗೆ ಇನ್ನೊಂದು ಬಗೆಯದು ಇರುವ ಮನೆಯಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ, ಕೆಂಪು ಮುಚ್ಚಳದ ಕೆಳಗೆ ನೂರರ ಸಿರಿಂಜ್ ಕುಳಿತಿರುತ್ತದೆ. ಕೊಳವೆಯ ಮೇಲೆ ಅಚ್ಚಾದ ‘ಯು-40’ ಅಥವಾ ‘ಯು-100’ ಎಂಬ ಬರಹ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದನ್ನೇ ಓದಬೇಕು. ಅಕ್ಷರ ಓದಲು ಬಾರದವರಿಗೂ ಒಂದು ಗುರುತಿದೆ. ಒಂದು ಮಿ.ಲೀ. ಸಿರಿಂಜಿನ ಕೊನೆಯ ದೊಡ್ಡ ಅಂಕಿ 40 ಆಗಿದ್ದರೆ ಅದು ನಲವತ್ತರದ್ದು, 100 ಆಗಿದ್ದರೆ ನೂರರದ್ದು. ಆದರೆ ಯು-100 ಸಿರಿಂಜ್ ಅರ್ಧ ಮಿ.ಲೀ. ಅಳತೆಯಲ್ಲೂ ಬರುತ್ತದೆ. ಅದರ ಕೊನೆಯ ಅಂಕಿ 50. ಅದನ್ನು ನಲವತ್ತರ ಹತ್ತಿರದ್ದು ಎಂದು ತಿಳಿಯಬಾರದು, ಅದು ಅಪ್ಪಟ ನೂರರದ್ದೇ. ಒಂದು ಮಿ.ಲೀ.ನ ಯು-100 ಸಿರಿಂಜಿನಲ್ಲಿ ಒಂದೊಂದು ಸಣ್ಣ ಗೆರೆ ಸಾಮಾನ್ಯವಾಗಿ ಎರಡು ಯೂನಿಟ್‌ಗೆ, ಯು-40ರಲ್ಲಿ ಒಂದು ಯೂನಿಟ್‌ಗೆ. ‘ಗೆರೆ ಎಣಿಸಿ ಹಾಕು’ ಎಂದು ಮನೆಯವರಿಗೆ ಕಲಿಸುವುದು ಈ ಕಾರಣಕ್ಕೇ ಕೆಟ್ಟ ರೂಢಿ.

ಪೆನ್ ಕೆಟ್ಟಾಗ, ಅಥವಾ ಅದರ ಸೂಜಿ ಮುಗಿದಾಗ, ಕಾರ್ಟ್ರಿಜ್‌ನ ರಬ್ಬರಿಗೆ ಮನೆಯಲ್ಲಿದ್ದ ಸಿರಿಂಜ್ ಚುಚ್ಚಿ ಔಷಧ ಎಳೆಯುವುದುಂಟು. ಮನೆಯಲ್ಲಿ ಇರುವ ಸಿರಿಂಜ್ ಹೆಚ್ಚಾಗಿ ಕೆಂಪು ಮುಚ್ಚಳದ್ದು, ಕಾರ್ಟ್ರಿಜ್ ನೂರರದ್ದು. ಇದೇ ಪ್ರಾಣಾಂತಿಕ ಜೋಡಿ. ಇದರ ಮೇಲೆ, ಪ್ರತಿ ಮಿ.ಲೀ.ಗೆ 300 ಯೂನಿಟ್ ಇರುವ ಗ್ಲಾರ್ಜಿನ್ ಇನ್ಸುಲಿನ್‌ನ ಪೆನ್‌ಗಳೂ ಈಗ ಬಳಕೆಯಲ್ಲಿವೆ. ಅದರಿಂದ ಯು-40 ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು 150 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿನಲ್ಲಿ ಔಷಧ ಎಳೆಯಬಾರದು ಎಂಬ ನಿಯಮಕ್ಕೆ ಮನೆಯಲ್ಲಿ ವಿನಾಯಿತಿ ಇಟ್ಟುಕೊಳ್ಳದಿರುವುದೇ ಸುರಕ್ಷಿತ.

ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಿಯರ ಪ್ರಯಾಣದಲ್ಲೂ ಇದೇ ತೊಡಕು ಕಾದಿರುತ್ತದೆ. ಇಲ್ಲಿಂದ ಯು-40 ಬಾಟಲಿಗಳನ್ನು ಸಾಕಷ್ಟು ಒಯ್ದು, ಸಿರಿಂಜ್ ಅಲ್ಲೇ ಕೊಂಡರಾಯಿತು ಎಂದು ಹೋದರೆ ಅಮೆರಿಕದ ಔಷಧ ಅಂಗಡಿಯಲ್ಲಿ ಸಿಗುವುದು ಯು-100 ಮಾತ್ರ. ಯು-40 ಸಿರಿಂಜ್ ಅಲ್ಲಿ ಉಳಿದಿರುವುದು ನಾಯಿ ಬೆಕ್ಕುಗಳ ಸಕ್ಕರೆ ಕಾಯಿಲೆಗೆ. ಬಾಟಲಿ ಎಷ್ಟು ದಿನಕ್ಕೆ ಒಯ್ಯುತ್ತಾರೋ ಅಷ್ಟು ದಿನದ ಸಿರಿಂಜನ್ನೂ ಜೊತೆಗೆ ಒಯ್ಯಬೇಕು.

ಹೊಂದುವ ಸಿರಿಂಜ್ ಸಿಗದೇ ಹೋದರೆ ಗುಣಿಸಿ ಭಾಗಿಸಿ ಹೊಂದಿಸಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಗಣಿತದಲ್ಲಿ ಅದು ಸಾಧ್ಯ. ನಲವತ್ತರ ಬಾಟಲಿಯ 20 ಯೂನಿಟ್‌ಗೆ ನೂರರ ಸಿರಿಂಜಿನಲ್ಲಿ 50ರ ಗೆರೆ, ನೂರರ ಬಾಟಲಿಯ 20 ಯೂನಿಟ್‌ಗೆ ನಲವತ್ತರ ಸಿರಿಂಜಿನಲ್ಲಿ 8ರ ಗೆರೆ. ಬದುಕಿನಲ್ಲಿ ಅದು ನಿಲ್ಲುವುದಿಲ್ಲ. ಎರಡೂವರೆಯಿಂದ ಗುಣಿಸಬೇಕೋ ಭಾಗಿಸಬೇಕೋ ಎಂಬಲ್ಲಿ ಒಮ್ಮೆ ಎಡವಿದರೆ ತಪ್ಪು ಇಮ್ಮಡಿಯಾಗುವುದಲ್ಲ, ಆರು ಪಟ್ಟಿಗೂ ಮೀರುತ್ತದೆ. ಮೇಲಾಗಿ ‘50’ ಎಂಬ ಸುಳ್ಳು ಅಂಕಿ ಮನೆಯ ಮಾತಿನಲ್ಲಿ ಸೇರಿಕೊಂಡು, ನಾಳೆ ಸರಿಯಾದ ಸಿರಿಂಜ್ ಬಂದಾಗಲೂ ಅಲ್ಲೇ ಇರುತ್ತದೆ. ಆದ್ದರಿಂದ ಈ ಲೆಕ್ಕ ತಪ್ಪನ್ನು ಪತ್ತೆ ಹಚ್ಚುವುದಕ್ಕೆ ಉಪಯೋಗ, ದಿನದ ಡೋಸು ಎಳೆಯುವುದಕ್ಕಲ್ಲ. ಬೇರೆ ದಾರಿಯೇ ಇಲ್ಲದ ಒಂದು ಹೊತ್ತಿಗೆ ಮಾತ್ರ, ವೈದ್ಯರಿಗೋ ಔಷಧ ಅಂಗಡಿಯ ಫಾರ್ಮಸಿಸ್ಟರಿಗೋ ಫೋನು ಮಾಡಿ, ಬಾಟಲಿ ಮತ್ತು ಸಿರಿಂಜಿನ ಮೇಲಿನ ಎರಡೂ ಅಂಕಿಗಳನ್ನು ಓದಿ ಹೇಳಿ, ಅವರು ಹೇಳಿದ ಗೆರೆಯನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬಹುದು. ಜ್ವರದ ಇಂಜೆಕ್ಷನ್‌ಗೆ ಬಳಸುವ 2 ಮಿ.ಲೀ. ಸಿರಿಂಜ್ ಆ ಹೊತ್ತಿಗೂ ಬೇಡ. ಅದರ ಒಂದು ಗೆರೆ ಸಾಮಾನ್ಯವಾಗಿ 0.1 ಮಿ.ಲೀ., ನೂರರ ಇನ್ಸುಲಿನ್‌ನಲ್ಲಿ ಅದು 10 ಯೂನಿಟ್‌ಗೆ ಸಮ.

ತಪ್ಪು ನಡೆದೇ ಹೋಗಿದ್ದರೆ ಮಾಡಬೇಕಾದದ್ದು ತಪ್ಪಿನ ಬಗೆಯನ್ನು ಅವಲಂಬಿಸಿದೆ. ಕಡಿಮೆ ಹೋಗಿದ್ದರೆ ‘ಉಳಿದದ್ದನ್ನು’ ಅಂದಾಜಿನಲ್ಲಿ ಮತ್ತೆ ಚುಚ್ಚಬಾರದು. ಸಕ್ಕರೆ ಪರೀಕ್ಷಿಸಿ ವೈದ್ಯರನ್ನು ಕೇಳಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ಹೋಗಿದ್ದರೆ ಬೆವರು, ನಡುಕ, ಹಸಿವು, ತೊದಲು ಮಾತು ಕಾಣಿಸಿಕೊಳ್ಳುವವರೆಗೂ ಕಾಯಬಾರದು. ಎಚ್ಚರವಿದ್ದು ನುಂಗಲು ಬರುವವರಿಗೆ ಕೂಡಲೇ ಊಟ ಕೊಡಬೇಕು. ಸಕ್ಕರೆ 70ಕ್ಕಿಂತ ಇಳಿದಿದ್ದರೆ ಅಥವಾ ಲಕ್ಷಣ ಕಂಡರೆ ಮೊದಲು ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಒಮ್ಮೆ ಚೇತರಿಸಿಕೊಂಡರೆಂದು ಮನೆಯಲ್ಲೇ ಉಳಿಯುವುದು ತಪ್ಪು. ಮಿಶ್ರ ಇನ್ಸುಲಿನ್‌ನ ನಿಧಾನದ ಪಾಲು ಹತ್ತಾರು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ, ಮಧ್ಯಾಹ್ನ ಸರಿಹೋದವರು ರಾತ್ರಿ ನಿದ್ದೆಯಲ್ಲಿ ಮತ್ತೆ ಕುಸಿಯಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಈ ಅವಧಿ ಇನ್ನೂ ಉದ್ದ. ಅದಕ್ಕಾಗಿ ಆಸ್ಪತ್ರೆಯಲ್ಲಿ ನಿಗಾ ಬೇಕು, ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಜೊತೆಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಆಂಬುಲೆನ್ಸ್ ಕರೆಯುವ 108 ದೂಧಗಂಗೆಯ ಎರಡೂ ದಡದಲ್ಲಿ ಒಂದೇ ಸಂಖ್ಯೆ.

ಚೀಟಿ ಬರೆಯುವವರ ಪಾಲಿನ ಕೆಲಸ ಸಣ್ಣದು. ಅಂಕಿಯ ಮುಂದೆ ‘ಯೂನಿಟ್’ ಎಂದು ಪೂರ್ತಿ ಬರೆಯಬೇಕು. ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಇದ್ದದ್ದು 100 ಆದ ಉದಾಹರಣೆಗಳು ವೈದ್ಯಲೋಕಕ್ಕೆ ಹೊಸತಲ್ಲ. ಜೊತೆಗೆ ಬಾಟಲಿಯ ಶಕ್ತಿ ಮತ್ತು ಸಿರಿಂಜಿನ ಬಗೆ, ಎರಡನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಆಗ ಮಿರಜ್‌ನ ಚೀಟಿಯನ್ನು ಚಿಕ್ಕೋಡಿಯಲ್ಲಿ ಓದುವವರಿಗೂ, ಚಿಕ್ಕೋಡಿಯದನ್ನು ಕೊಲ್ಹಾಪುರದಲ್ಲಿ ಓದುವವರಿಗೂ ಊಹಿಸುವ ಅಗತ್ಯ ಬೀಳುವುದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಔಷಧ ಅಂಗಡಿಯವರಲ್ಲಿ ಒಂದು ವಿನಂತಿ: ಇನ್ಸುಲಿನ್ ಸಿರಿಂಜ್ ಕೇಳಿ ಬಂದವರಿಗೆ ಮನೆಯಲ್ಲಿರುವ ಬಾಟಲಿ ನಲವತ್ತರದ್ದೋ ನೂರರದ್ದೋ ಎಂದು ಕೇಳದೆ ಕೊಡಬೇಡಿ, ಹೊಂದುವ ಸಿರಿಂಜ್ ಇಲ್ಲದಿದ್ದರೆ ಇನ್ನೊಂದನ್ನು ಕೊಡುವ ಬದಲು ಇಲ್ಲವೆಂದೇ ಹೇಳಿ ಕಳಿಸಿ.